ಒಂದೇ ಹುಡುಗ, ನಾಲ್ಕು ಹೆಸರು: ಜಾಯಿನಿಂಗ್ ದಿನದ ಫೈಲ್ ಬಿಚ್ಚಿದಾಗ

2025ರ ರಾಜ್ಯೋತ್ಸವ ಶನಿವಾರ ಬಂದಿತ್ತು. ಎರಡು ದಿನ ರಜೆ ಅಂತ ಬೆಳಗ್ಗೆ ನಿಧಾನವಾಗಿ ಕಾಫಿ ಕುಡಿಯುತ್ತಾ ಕೂತಿದ್ದೆ. ಚಿಕ್ಕಮ್ಮನ ಫೋನ್ ಬಂತು. "ಸೋಮವಾರ ಇವನು ಹೊಸ ಕಂಪನಿಗೆ ಸೇರ್ತಾನೆ ಕಣೇ. ಪೇಪರ್ ಎಲ್ಲಾ ಇದೆ ಅಂತಾನೆ. ನೀನು ಒಂದ್ಸಲ ನೋಡಿಬಿಡು, ನಂಗೆ ಸಮಾಧಾನ."

ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಎಚ್‌ಆರ್ ಕೆಲಸ ಮಾಡುತ್ತೇನೆ. ಹೊಸದಾಗಿ ಸೇರುವವರ ದಾಖಲೆಗಳನ್ನು ತೆಗೆದುಕೊಂಡು, ಪರಿಶೀಲಿಸಿ, ಪೇರೋಲ್‌ಗೆ ಕಳಿಸುವುದೇ ನನ್ನ ಸೋಮವಾರದ ಕೆಲಸ. ಹಾಗಾಗಿ "ಪೇಪರ್ ಎಲ್ಲಾ ಇದೆ" ಅನ್ನೋ ಮಾತನ್ನು ನಾನು ಅಷ್ಟು ಬೇಗ ನಂಬಲ್ಲ. ಪೇಪರ್ ಎಲ್ಲರ ಹತ್ತಿರವೂ ಇರುತ್ತೆ. ಅವು ಒಂದಕ್ಕೊಂದು ಹೊಂದುತ್ತವಾ ಅನ್ನೋದೇ ಪ್ರಶ್ನೆ.

ಹನ್ನೊಂದು ಗಂಟೆಗೆ ಅವನು ಬಂದ. ಇಲ್ಲಿ ಅವನನ್ನು ಚೇತನ್ ಅಂತ ಕರೀತೀನಿ, ನಿಜವಾದ ಹೆಸರಲ್ಲ. ಹಿಂದಿನ ಕಂಪನಿಯಲ್ಲಿ ಮೂರು ವರ್ಷ ಕೆಲಸ ಮಾಡಿ, ಹಿಂದಿನ ದಿನವಷ್ಟೇ ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಬಂದಿದ್ದ. ಪ್ಲಾಸ್ಟಿಕ್ ಫೈಲನ್ನು ಊಟದ ಮೇಜಿನ ಮೇಲಿಟ್ಟು, "ಹತ್ತು ನಿಮಿಷದ ಕೆಲಸ ಅಕ್ಕಾ" ಅಂದ.

ಮೂರು ಗಂಟೆ ಹಿಡಿಯಿತು.

ಮೊದಲು ಹೆಸರು

ನಾನು ಮಾಡಿದ ಮೊದಲ ಕೆಲಸ ಇಷ್ಟೇ. ನಾಲ್ಕು ದಾಖಲೆಗಳನ್ನು ಪಕ್ಕಪಕ್ಕ ಇಟ್ಟು, ಪ್ರತಿಯೊಂದರಲ್ಲಿರುವ ಹೆಸರನ್ನು ಒಂದು ಹಾಳೆಯಲ್ಲಿ ಅಕ್ಷರಕ್ಕೆ ಅಕ್ಷರ ಬರೆಯಲು ಹೇಳಿದೆ. ಅವನು ಬರೆದದ್ದು ಹೀಗಿತ್ತು:

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ: CHETHAN H R
ಆಧಾರ್: Chetan H R
ಪ್ಯಾನ್: CHETHAN HOSAHALLI RAMESH
ಬ್ಯಾಂಕ್ ಪಾಸ್‌ಬುಕ್: CHETHAN R

ಬರೆದು ಮುಗಿಸಿ ಅವನೇ ನಕ್ಕುಬಿಟ್ಟ. "ನಾಲ್ಕು ಜನ ಇದ್ದಾರಲ್ಲ ಅಕ್ಕಾ!"

ಇದು ನಮ್ಮ ಕಡೆಯ ಕಾಯಿಲೆ. ನಮ್ಮಲ್ಲಿ ಇನಿಶಿಯಲ್ ಅಂದರೆ ಊರಿನ ಹೆಸರು ಇರಬಹುದು, ಅಪ್ಪನ ಹೆಸರು ಇರಬಹುದು, ಎರಡೂ ಇರಬಹುದು. ಶಾಲೆಯಲ್ಲಿ ಮೇಷ್ಟ್ರು ಒಂದು ಥರ ಬರೆದಿರುತ್ತಾರೆ. ಪ್ಯಾನ್ ಅರ್ಜಿಯಲ್ಲಿ ಮೊದಲ ಹೆಸರು, ಕೊನೆಯ ಹೆಸರಿನ ಜಾಗದಲ್ಲಿ ಬರೀ ಇನಿಶಿಯಲ್ ಹಾಕುವ ಹಾಗಿಲ್ಲ. ಹಾಗಾಗಿ ಅಲ್ಲಿ ಊರು, ಅಪ್ಪ ಎಲ್ಲರೂ ಪೂರ್ತಿಯಾಗಿ ಬಂದು ಕೂರುತ್ತಾರೆ. ಆಧಾರ್ ಮಾಡಿಸಿದ ಕಡೆ ಟೈಪ್ ಮಾಡಿದವರು ಒಂದು 'h' ಬಿಟ್ಟಿರುತ್ತಾರೆ. ಇಷ್ಟು ವರ್ಷ ಯಾರೂ ಕೇಳಿರಲ್ಲ.

ಮನುಷ್ಯರು ನೋಡಿದರೆ ಇದು ಒಬ್ಬನೇ ಅಂತ ಗೊತ್ತಾಗುತ್ತೆ. ಆದರೆ ಕೆಲಸಕ್ಕೆ ಸೇರಿದ ದಿನ ನಿಮ್ಮ ಹೆಸರು ಮೂರು ಬೇರೆ ಬೇರೆ ಕಂಪ್ಯೂಟರ್‌ಗಳಿಗೆ ಹೋಗುತ್ತೆ. ತೆರಿಗೆ ಇಲಾಖೆ ಪ್ಯಾನ್ ನೋಡುತ್ತೆ. ಪಿಎಫ್ ಕಚೇರಿ ಆಧಾರ್ ನೋಡುತ್ತೆ. ಬ್ಯಾಂಕ್ ತನ್ನ ಖಾತೆಯಲ್ಲಿರುವ ಹೆಸರು ನೋಡುತ್ತೆ. ಜಾಯಿನಿಂಗ್ ಫಾರ್ಮಿನಲ್ಲಿ ನೀವು ಎಲ್ಲ ಕಡೆ ಒಂದೇ ಹೆಸರು ಬರೆದರೆ, ಮೂರರಲ್ಲಿ ಎರಡು ಕಡೆ ಅದು ಒದೆಯುತ್ತೆ.

"ಹಾಗಾದ್ರೆ ಸೋಮವಾರದೊಳಗೆ ಏನ್ ಮಾಡಕ್ಕಾಗುತ್ತೆ?" ಅಂತ ಚೇತನ್ ಗಾಬರಿಯಾದ.

ಎರಡು ದಿನದಲ್ಲಿ ಯಾವ ಕಾರ್ಡೂ ಸರಿಹೋಗಲ್ಲ. ಅದಕ್ಕೆ ನಾನು ಎಲ್ಲರಿಗೂ ಹೇಳುವ ಸೂತ್ರ ಒಂದಿದೆ: ಫಾರ್ಮು ಯಾವ ಕಾರ್ಡಿಗೆ ಸೇರಿದ್ದೋ, ಆ ಕಾರ್ಡಿನಲ್ಲಿ ಇರುವ ಹಾಗೇ ಹೆಸರು ಬರೆಯಿರಿ. ತೆರಿಗೆ ಫಾರ್ಮಿನಲ್ಲಿ ಪ್ಯಾನ್‌ನಲ್ಲಿರುವ ಹೆಸರು. ಪಿಎಫ್ ಫಾರ್ಮಿನಲ್ಲಿ ಆಧಾರ್‌ನಲ್ಲಿರುವ ಹೆಸರು, ತಪ್ಪು ಸ್ಪೆಲ್ಲಿಂಗ್ ಇದ್ದರೂ ಹಾಗೇ. ಬ್ಯಾಂಕ್ ವಿವರದ ಜಾಗದಲ್ಲಿ ಪಾಸ್‌ಬುಕ್ಕಿನ ಹೆಸರು. ಜೊತೆಗೆ ಎಚ್‌ಆರ್‌ಗೆ ಮೊದಲೇ ಒಂದು ಮೇಲ್ ಹಾಕಿ, "ನನ್ನ ದಾಖಲೆಗಳಲ್ಲಿ ಹೆಸರು ಹೀಗೆ ಹೀಗೆ ಇದೆ, ತಿದ್ದಿಸುತ್ತಿದ್ದೇನೆ" ಅಂತ ತಿಳಿಸಿ. ನನ್ನ ಮೇಜಿಗೆ ಇಂಥ ಮೇಲ್ ಬಂದರೆ ನನಗೆ ಅರ್ಧ ಕೆಲಸ ಮುಗಿದ ಹಾಗೆ. ಮೇಲ್ ಇಲ್ಲದೆ ವ್ಯತ್ಯಾಸ ನನ್ನ ಕಣ್ಣಿಗೆ ಬಿದ್ದರೆ ಫೈಲ್ ಪಕ್ಕಕ್ಕೆ ಹೋಗುತ್ತೆ, ಆ ತಿಂಗಳ ಪೇರೋಲ್ ಕಟ್-ಆಫ್ ತಪ್ಪಬಹುದು.

ಕೆಲವರು ನೋಟರಿ ಹತ್ತಿರ ಹೋಗಿ "ಇಬ್ಬರೂ ಒಬ್ಬನೇ" ಅಂತ ಅಫಿಡವಿಟ್ ಮಾಡಿಸಿಕೊಂಡು ಬರುತ್ತಾರೆ. ಅದು ನನ್ನಂಥ ಎಚ್‌ಆರ್‌ನವರಿಗೆ ಸಾಕಾಗಬಹುದು. ಆದರೆ ಪಿಎಫ್ ಪೋರ್ಟಲ್ ಅಫಿಡವಿಟ್ ಓದಲ್ಲ. ಅದಕ್ಕೆ ಕಾರ್ಡನ್ನೇ ತಿದ್ದಿಸಬೇಕು.

ಯಾವುದನ್ನು ಮೊದಲು ತಿದ್ದಿಸುವುದು? ಆಧಾರ್‌ನಲ್ಲಿ ಹೆಸರನ್ನು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಹಾಗಾಗಿ ಬರೀ 'h' ಸೇರಿಸಲು ಒಂದು ಅವಕಾಶ, ಆಮೇಲೆ ಇನಿಶಿಯಲ್ ಬಿಡಿಸಿ ಬರೆಸಲು ಇನ್ನೊಂದು ಅವಕಾಶ ಅಂತ ಕಳೆದುಕೊಳ್ಳಬಾರದು. ಚೇತನ್‌ಗೆ ನಾನು ಹೇಳಿದ್ದು, ಪ್ಯಾನ್‌ನಲ್ಲಿರುವ ಪೂರ್ತಿ ಹೆಸರನ್ನೇ ಅಂತಿಮ ಅಂತ ಇಟ್ಟುಕೋ, ಪ್ಯಾನ್ ಕಾರ್ಡನ್ನೇ ಗುರುತಿನ ದಾಖಲೆಯಾಗಿ ತೋರಿಸಿ ಆಧಾರನ್ನು ಒಂದೇ ಸಲ ಸರಿ ಮಾಡಿಸು, ಆಮೇಲೆ ಪಿಎಫ್, ಕೊನೆಗೆ ಬ್ಯಾಂಕ್.

ಅಲ್ಲೇ ಕೂತು ಇನ್ನೊಂದು ಪರೀಕ್ಷೆಯನ್ನೂ ಮಾಡಿದೆವು. ಆದಾಯ ತೆರಿಗೆ ಪೋರ್ಟಲ್‌ನಲ್ಲಿ Link Aadhaar Status ಅಂತ ಇದೆ. ಲಾಗಿನ್ ಬೇಡ. ಪ್ಯಾನ್, ಆಧಾರ್ ನಂಬರ್ ಹಾಕಿದರೆ ಎರಡೂ ಜೋಡಣೆ ಆಗಿವೆಯಾ ಅಂತ ತೋರಿಸುತ್ತೆ. ಜೋಡಣೆ ಆಗದ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯ. ನಿಷ್ಕ್ರಿಯ ಪ್ಯಾನ್ ಕೊಟ್ಟರೆ, ತೆರಿಗೆಗೆ ಒಳಪಡುವ ಸಂಬಳದಿಂದ ಕಂಪನಿ ಕನಿಷ್ಠ 20 ಪರ್ಸೆಂಟ್ ಹಿಡಿಯಬೇಕಾಗುತ್ತೆ. ಚೇತನ್‌ದು ಜೋಡಣೆ ಆಗಿತ್ತು. ಒಂದು ಉಸಿರು ಬಿಟ್ಟೆವು.

ಗುರುತಿನ ದಾಖಲೆ ಬಗ್ಗೆ ಇನ್ನೊಂದು ಮಾತು. ಆಧಾರ್ ಪ್ರತಿಯನ್ನು ಮೇಲ್‌ನಲ್ಲಿ ಕಳಿಸಬೇಕಾದಾಗ ಮಾಸ್ಕ್ಡ್ ಆಧಾರ್ ಕಳಿಸಿ. myAadhaar ಸೈಟಿನಲ್ಲಿ ಸಿಗುತ್ತೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತೆ. ಪಿಎಫ್‌ಗೆ ಪೂರ್ತಿ ನಂಬರ್ ಬೇಕಾಗುತ್ತೆ, ಅದನ್ನು ಕಂಪನಿಯ ಪೋರ್ಟಲ್‌ನಲ್ಲೇ ತುಂಬಿ. ಒರಿಜಿನಲ್ ಅಂಕಪಟ್ಟಿ ಕೇಳಿದರೆ ತೋರಿಸಿ, ಹೋಲಿಸಿ ನೋಡಲಿ, ಆವತ್ತೇ ವಾಪಸ್ ತನ್ನಿ.

ಇಲ್ಲದ ಬ್ಯಾಂಕಿನ ಚೆಕ್

ಬ್ಯಾಂಕ್ ವಿವರಕ್ಕೆ ಅವನು ತಂದಿದ್ದು ಕಾಲೇಜಿನಲ್ಲಿದ್ದಾಗ ಊರಲ್ಲಿ ತೆರೆದ ಖಾತೆಯ ಒಂದು ಚೆಕ್ ಹಾಳೆ. ಹಿಂದಿನ ಕಂಪನಿ ಮಾಡಿಸಿಕೊಟ್ಟ ಸ್ಯಾಲರಿ ಅಕೌಂಟ್ ಬೇಡ, ಸಂಬಳ ನಿಂತ ಮೇಲೆ ಅದರಲ್ಲಿ ಮಿನಿಮಮ್ ಬ್ಯಾಲೆನ್ಸ್ ಕೇಳುತ್ತಾರೆ, ಅದಕ್ಕೆ ಹಳೇದನ್ನೇ ಕೊಡೋಣ ಅಂತ ಅವನ ಲೆಕ್ಕ. ಲೆಕ್ಕ ತಪ್ಪಲ್ಲ. ಆದರೆ ಚೆಕ್ ಮೇಲೆ ಇದ್ದದ್ದು ಸಿಂಡಿಕೇಟ್ ಬ್ಯಾಂಕ್ ಹೆಸರು.

ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. SYNB ಅಂತ ಶುರುವಾಗುತ್ತಿದ್ದ ಐಎಫ್‌ಎಸ್‌ಸಿ ಕೋಡುಗಳು 2021ರ ಜುಲೈ 1ರಿಂದ ನಡೆಯುವುದಿಲ್ಲ. ನಮ್ಮ ಕಡೆ ಮನೆಮನೆಯಲ್ಲೂ ಇಂಥ ಪಾಸ್‌ಬುಕ್ ಇದೆ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿತು. ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕ್ ಸೇರಿತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲೇ ಎಸ್‌ಬಿಐ ಆಯಿತು. ಖಾತೆ ಬದುಕಿರುತ್ತೆ, ಆದರೆ ಕೈಯಲ್ಲಿರುವ ಚೆಕ್ಕು ಸತ್ತಿರುತ್ತೆ.

ಐಎಫ್‌ಎಸ್‌ಸಿ ನೋಡುವುದು ಸುಲಭ. ಒಟ್ಟು 11 ಅಕ್ಷರ. ಮೊದಲ ನಾಲ್ಕು ಬ್ಯಾಂಕು, ಐದನೆಯದು ಯಾವಾಗಲೂ ಸೊನ್ನೆ, ಉಳಿದ ಆರು ಶಾಖೆ. ಅಲ್ಲಿ ಸೊನ್ನೆಯ ಬದಲು 'O' ಅಕ್ಷರ ಟೈಪ್ ಮಾಡಿ ಕಳಿಸುವವರು ಪ್ರತಿ ಬ್ಯಾಚಿನಲ್ಲೂ ಒಬ್ಬರು ಸಿಗುತ್ತಾರೆ. ಕೋಡ್ ತಪ್ಪಾದರೆ ಸಾಮಾನ್ಯವಾಗಿ ಹಣ ವಾಪಸ್ ಬರುತ್ತೆ, ಅಷ್ಟೇ. ಖಾತೆ ಸಂಖ್ಯೆಯಲ್ಲಿ ಅಂಕಿ ತಪ್ಪಿ, ಆ ಸಂಖ್ಯೆಯ ಖಾತೆ ಬೇರೆ ಯಾರದ್ದೋ ಆಗಿದ್ದರೆ ಅದು ದೊಡ್ಡ ತಲೆನೋವು. ಅದಕ್ಕೇ ನಾವು ಹೆಸರು ಅಚ್ಚಾಗಿರುವ ಚೆಕ್ ಅಥವಾ ಪಾಸ್‌ಬುಕ್ಕಿನ ಮೊದಲ ಪುಟ ಕೇಳುವುದು. ಚೆಕ್ ಕೊಡುವಾಗ ಎರಡು ಅಡ್ಡಗೆರೆ ಎಳೆದು ನಡುವೆ CANCELLED ಅಂತ ಬರೆಯಿರಿ, ಸಹಿ ಹಾಕಬೇಡಿ.

ಚೇತನ್ ಆ ಖಾತೆಯನ್ನು ಮುಟ್ಟಿ ಮೂರು ವರ್ಷವಾಗಿತ್ತು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಾವಾಗಿ ಯಾವ ವ್ಯವಹಾರವನ್ನೂ ಮಾಡದಿದ್ದರೆ ಬ್ಯಾಂಕ್ ಖಾತೆಯನ್ನು ನಿಷ್ಕ್ರಿಯ ಅಂತ ಗುರುತು ಹಾಕುತ್ತೆ. ಅದರಲ್ಲಿ ಸಂಬಳ ಬಂದು ಬಿದ್ದರೂ ತೆಗೆಯಲು ಶಾಖೆಗೆ ಹೋಗಿ ಕೆವೈಸಿ ಕೊಡಬೇಕಾಗುತ್ತೆ. ಹಾಗಾಗಿ ನನ್ನ ಸಲಹೆ, ಕೊಡುವ ಮೊದಲು ಆ ಖಾತೆಗೆ ನೂರು ರೂಪಾಯಿ ಹಾಕಿ, ತೆಗೆದು ನೋಡಿ. ಬರುವುದು ಮಾತ್ರವಲ್ಲ, ಹೋಗುವುದೂ ಕಾಣಬೇಕು. ಅವನದ್ದು ತೆಗೆಯಲು ಬರಲಿಲ್ಲ. ಸದ್ಯಕ್ಕೆ ಸ್ಯಾಲರಿ ಅಕೌಂಟನ್ನೇ ಕೊಡು, ಊರಿಗೆ ಹೋದಾಗ ಅದನ್ನು ಸರಿ ಮಾಡಿಸಿಕೋ ಅಂದೆ. ಆ ಖಾತೆಯಲ್ಲಿ ಹೆಸರು ಪ್ಯಾನ್‌ನಲ್ಲಿ ಇದ್ದ ಹಾಗೇ ಇತ್ತು, ಪುಣ್ಯ.

ಹಳೇ ಕಂಪನಿ ಬಿಟ್ಟುಹೋಗುವ ಬಾಲ

ಹಿಂದಿನ ಕಂಪನಿಯ ಕಾಗದಗಳಲ್ಲಿ ಎರಡು ಥರ. ಒಂದು, ನೀವು ಅಲ್ಲಿ ಕೆಲಸ ಮಾಡಿದ್ದು ನಿಜ ಅಂತ ತೋರಿಸುವವು: ಆಫರ್ ಲೆಟರ್, ಕೊನೆಯ ಮೂರು ತಿಂಗಳ ಪೇಸ್ಲಿಪ್, ರಿಲೀವಿಂಗ್ ಲೆಟರ್. ಇನ್ನೊಂದು, ಅಲ್ಲಿನ ಲೆಕ್ಕವನ್ನು ಇಲ್ಲಿಗೆ ತರುವವು: ಪಿಎಫ್ ನಂಬರ್, ತೆರಿಗೆ ವಿವರ. ಮೊದಲನೆಯದನ್ನು ಎಚ್‌ಆರ್ ಕೇಳಿ ಕೇಳಿ ತೆಗೆದುಕೊಳ್ಳುತ್ತಾರೆ. ಎರಡನೆಯದನ್ನು ನೀವೇ ನೆನಪಿಟ್ಟು ಕೊಡಬೇಕು, ಯಾಕೆಂದರೆ ನಷ್ಟ ಆಗುವುದು ನಿಮಗೆ.

ಚೇತನ್ ಹತ್ತಿರ ಒಂದೇ ಪೇಸ್ಲಿಪ್ ಇತ್ತು. ಉಳಿದದ್ದು ಕಂಪನಿ ಪೋರ್ಟಲ್‌ನಲ್ಲಿದೆ ಅಂತ ಫೋನ್ ತೆಗೆದ. ಲಾಗಿನ್ ಶುಕ್ರವಾರ ಸಂಜೆಗೇ ಬಂದ್ ಆಗಿತ್ತು. ಇದು ತುಂಬಾ ಜನಕ್ಕೆ ಆಗುತ್ತೆ. ಲ್ಯಾಪ್‌ಟಾಪ್ ವಾಪಸ್ ಕೊಡುವ ಮೊದಲೇ ಎಲ್ಲ ಪೇಸ್ಲಿಪ್, ಹಿಂದಿನ ವರ್ಷಗಳ ಫಾರ್ಮ್ 16, ರಾಜೀನಾಮೆ ಒಪ್ಪಿಕೊಂಡ ಮೇಲ್ ಇಷ್ಟನ್ನೂ ಡೌನ್‌ಲೋಡ್ ಮಾಡಿ ನಿಮ್ಮ ಸ್ವಂತ ಮೇಲ್‌ಗೆ ಹಾಕಿಕೊಳ್ಳಿ. ಅವನಿಗೆ ಹಳೇ ಎಚ್‌ಆರ್‌ಗೆ ಮೇಲ್ ಬರೆಸಿದೆ. ಅದು ಬರುವವರೆಗೆ ಸಂಬಳ ಜಮೆಯಾದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿಡಿಸಿದೆ.

ರಿಲೀವಿಂಗ್ ಲೆಟರ್ ಬಗ್ಗೆ ಭಯ ಬೇಡ. ಅಂತಿಮ ಲೆಕ್ಕ ಮುಗಿದ ಮೇಲೆ ಕೊಡುವ ಕಂಪನಿಗಳೇ ಹೆಚ್ಚು, ಹಾಗಾಗಿ ಸೇರುವ ದಿನ ಅದು ಕೈಯಲ್ಲಿ ಇಲ್ಲದಿರುವುದು ಮಾಮೂಲು. ಕೊನೆಯ ಕೆಲಸದ ದಿನ ಯಾವುದು ಅಂತ ಸ್ಪಷ್ಟವಾಗಿ ಬರೆದಿರುವ, ರಾಜೀನಾಮೆ ಒಪ್ಪಿಕೊಂಡ ಮೇಲ್ ಇದ್ದರೆ ಬಹುತೇಕ ಕಡೆ ಸಮಯ ಕೊಡುತ್ತಾರೆ. ಆದರೆ ಆ ದಿನಾಂಕವೂ ನಿಮ್ಮ ರೆಸ್ಯೂಮೆಯಲ್ಲಿರುವ ದಿನಾಂಕವೂ ಒಂದೇ ಇರಲಿ. ಹಿನ್ನೆಲೆ ಪರಿಶೀಲನೆ ಮಾಡುವವರು ಮೊದಲು ನೋಡುವುದೇ ಅದನ್ನು.

ಒಂದು ತಪ್ಪು ಟಿಕ್, 84,600 ರೂಪಾಯಿ

ಹೊಸ ಕಂಪನಿ ಮೊದಲೇ ಕಳಿಸಿದ್ದ ಫಾರ್ಮುಗಳನ್ನು ಅವನು ತುಂಬಿಕೊಂಡು ಬಂದಿದ್ದ. ಅದರಲ್ಲಿ ಪಿಎಫ್‌ನ ಫಾರ್ಮ್ 11 ಇತ್ತು. "ನೀವು ಮೊದಲು ಪಿಎಫ್ ಸದಸ್ಯರಾಗಿದ್ದಿರಾ?" ಅನ್ನೋ ಪ್ರಶ್ನೆಗೆ "ಇಲ್ಲ" ಅಂತ ಟಿಕ್ ಮಾಡಿದ್ದ.

"ಯಾಕೋ?"

"ಅದು ಹಳೇ ಕಂಪನೀದಲ್ವಾ ಅಕ್ಕಾ? ಇಲ್ಲಿ ಹೊಸದು ಮಾಡ್ತಾರೆ ಅನ್ಕೊಂಡೆ."

ಪಿಎಫ್‌ನ ಯುಎಎನ್ ಅನ್ನೋದು 12 ಅಂಕಿಯ ಸಂಖ್ಯೆ. ಕಂಪನಿ ಬದಲಾದರೂ ಅದು ಬದಲಾಗಲ್ಲ, ನಿಮ್ಮ ಜೊತೆಗೇ ಬರುತ್ತೆ. ಅವನ ಮೂಲ ವೇತನ ತಿಂಗಳಿಗೆ 15,000. ಅದರ 12 ಪರ್ಸೆಂಟ್, ಅಂದರೆ 1,800 ಅವನ ಪಾಲು. ಕಂಪನಿಯೂ 1,800 ಹಾಕುತ್ತೆ, ಅದರಲ್ಲಿ 1,250 ಪಿಂಚಣಿ ನಿಧಿಗೆ ಹೋಗಿ 550 ಪಿಎಫ್‌ಗೆ ಬರುತ್ತೆ. ತಿಂಗಳಿಗೆ 2,350, ಮೂರು ವರ್ಷಕ್ಕೆ ಬಡ್ಡಿ ಬಿಟ್ಟು 84,600 ರೂಪಾಯಿ. "ಇಲ್ಲ" ಅಂತ ಟಿಕ್ ಮಾಡಿದರೆ ಆ ಹಣ ಕಳೆದುಹೋಗಲ್ಲ, ಆದರೆ ಬೇರೆ ಬಿದ್ದಿರುತ್ತೆ. ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಇನ್ನೊಂದು ಇದ್ದರಂತೂ ಎರಡು ಯುಎಎನ್ ಆಗಿ ಕೂರುವ ಅಪಾಯವಿದೆ. ಆಮೇಲೆ ಸೇರಿಸಲು ಓಡಾಡಬೇಕು.

ಹಣಕ್ಕಿಂತ ಮುಖ್ಯವಾದದ್ದು ವರ್ಷಗಳ ಲೆಕ್ಕ. ಐದು ವರ್ಷದ ಸತತ ಸೇವೆ ಆಗುವ ಮೊದಲು ಪಿಎಫ್ ತೆಗೆದರೆ ತೆರಿಗೆ ಬೀಳಬಹುದು. ಪಿಂಚಣಿಗೆ ಅರ್ಹರಾಗಲು ಹತ್ತು ವರ್ಷ ಬೇಕು. ಹಳೇ ಖಾತೆ ಹೊಸದಕ್ಕೆ ವರ್ಗಾವಣೆಯಾದರೆ ಅವನ ಮೂರು ವರ್ಷವೂ ಲೆಕ್ಕಕ್ಕೆ ಸೇರುತ್ತೆ. ಆಗದಿದ್ದರೆ ಸೊನ್ನೆಯಿಂದ ಶುರು.

ಯುಎಎನ್ ಸಾಮಾನ್ಯವಾಗಿ ಪೇಸ್ಲಿಪ್‌ನಲ್ಲೇ ಇರುತ್ತೆ. ಅವನ ಒಂದೇ ಒಂದು ಪೇಸ್ಲಿಪ್‌ನಲ್ಲಿ ಸಿಕ್ಕಿತು. ಪಿಎಫ್‌ಗೆ ನೋಂದಾಯಿಸಿದ ಮೊಬೈಲ್‌ನಿಂದ `EPFOHO UAN KAN` ಅಂತ 7738299899ಗೆ ಎಸ್‌ಎಂಎಸ್ ಕಳಿಸಿದರೆ, ಯುಎಎನ್ ಸಕ್ರಿಯವಾಗಿದ್ದವರಿಗೆ ಕೊನೆಯ ಜಮೆಯ ವಿವರ ಕನ್ನಡದಲ್ಲೇ ಬರುತ್ತೆ. ಕೊನೆಯ KAN ಅನ್ನೋದು ಕನ್ನಡಕ್ಕೆ. ಫಾರ್ಮನ್ನು ಹರಿದು ಹೊಸದು ತುಂಬಿಸಿದೆ.

ಇನ್ನೊಂದು ವಿಷಯವನ್ನು ಫೋನಿನ ಕ್ಯಾಲೆಂಡರ್‌ಗೆ ಹಾಕಿಸಿದೆ. ಹಳೇ ಕಂಪನಿ ಪಿಎಫ್ ಪೋರ್ಟಲ್‌ನಲ್ಲಿ ಅವನು ಬಿಟ್ಟ ದಿನಾಂಕ ನಮೂದಿಸಬೇಕು. ಅದಿಲ್ಲದೆ ವರ್ಗಾವಣೆ ನಿಂತುಬಿಡಬಹುದು. ಅವರು ಹಾಕದಿದ್ದರೆ, ಕೊನೆಯ ಜಮೆಯಾಗಿ ಎರಡು ತಿಂಗಳಾದ ಮೇಲೆ ಸದಸ್ಯರೇ ಪೋರ್ಟಲ್‌ನಲ್ಲಿ Manage ಕೆಳಗೆ Mark Exit ಒತ್ತಿ, ಆಧಾರ್ ಒಟಿಪಿ ಕೊಟ್ಟು ಹಾಕಿಕೊಳ್ಳಬಹುದು.

ನಮ್ಮನೆಯಲ್ಲೇ ಆದದ್ದು

ಕೊನೆಯದು ತೆರಿಗೆ. ಇದನ್ನು ಹೇಳುವಾಗ ಅಡುಗೆಮನೆಯಲ್ಲಿದ್ದ ನಮ್ಮನೆಯವರು ಮೆಲ್ಲಗೆ ಬಾಲ್ಕನಿಗೆ ಹೋದರು. ಕಾರಣ ಇದೆ.

2024ರ ನವೆಂಬರ್‌ನಲ್ಲಿ ಅವರು ಕೆಲಸ ಬದಲಿಸಿದರು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೆ 60,000, ಏಳು ತಿಂಗಳಿಗೆ 4,20,000. ಹೊಸ ಕಂಪನಿಯಲ್ಲಿ 90,000, ಐದು ತಿಂಗಳಿಗೆ 4,50,000. ಹಿಂದಿನ ಆದಾಯ ತಿಳಿಸುವ ಫಾರ್ಮ್ 12ಬಿ ಖಾಲಿ ಬಿಟ್ಟಿದ್ದರು. "ಫಾರ್ಮ್ 16 ಇನ್ನೂ ಬಂದಿಲ್ಲವಲ್ಲ, ಬಂದ ಮೇಲೆ ಕೊಡೋಣ" ಅಂತ. ಆ ವರ್ಷದ ಫಾರ್ಮ್ 16 ಬರುವುದೇ ಮುಂದಿನ ಜೂನ್‌ನಲ್ಲಿ!

ಮೊದಲ ಕಂಪನಿ ವರ್ಷಕ್ಕೆ 7,20,000 ಅಂತ ಅಂದಾಜು ಹಾಕಿ, ಹೊಸ ಪದ್ಧತಿಯ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆಯಿತು. 7 ಲಕ್ಷದ ಒಳಗೆ ಬಂತು, ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆ. ಎರಡನೇ ಕಂಪನಿ 4,50,000 ಮಾತ್ರ ನೋಡಿತು, ಮತ್ತೆ 75,000 ಕಳೆಯಿತು, ಅಲ್ಲೂ ಸೊನ್ನೆ. ಆದರೆ ನಿಜವಾದ ಲೆಕ್ಕ? ಒಟ್ಟು 8,70,000, ಡಿಡಕ್ಷನ್ ಒಂದೇ ಸಲ, ಉಳಿದದ್ದು 7,95,000. 7 ಲಕ್ಷ ದಾಟಿತು, ರಿಬೇಟ್ ಹೋಯಿತು. ಮೂರರಿಂದ ಏಳು ಲಕ್ಷಕ್ಕೆ 5 ಪರ್ಸೆಂಟ್‌ನಂತೆ 20,000, ಮೇಲಿನ 95,000ಕ್ಕೆ 10 ಪರ್ಸೆಂಟ್‌ನಂತೆ 9,500, ಸೆಸ್ 1,180. ಒಟ್ಟು 30,680 ರೂಪಾಯಿ, ಬಡ್ಡಿ ಬೇರೆ. ಎಚ್‌ಆರ್ ಹೆಂಡತಿ ಪಕ್ಕದಲ್ಲೇ ಇದ್ದೂ ಕೇಳಲಿಲ್ಲ. ಫಾರ್ಮ್ ತುಂಬಿದ್ದರೆ ಐದು ತಿಂಗಳಲ್ಲಿ ತಿಂಗಳಿಗೆ 6,136ರಂತೆ ಗೊತ್ತಾಗದ ಹಾಗೆ ಮುಗಿಯುತ್ತಿತ್ತು. ಆ ವರ್ಷ ನಮ್ಮ ಗೋಕರ್ಣ ಪ್ರವಾಸ ಆ ದುಡ್ಡಿನ ಜೊತೆ ಹೋಯಿತು.

2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ತೆರಿಗೆಗೊಳಪಡುವ ಆದಾಯಕ್ಕೆ ರಿಬೇಟ್ ಇದೆ, ಹಾಗಾಗಿ ಚೇತನ್‌ನ ಸಂಬಳಕ್ಕೆ ತೆರಿಗೆ ಬರುವುದಿಲ್ಲ. ಆದರೆ ಒಂದೇ ವರ್ಷದಲ್ಲಿ ಎರಡು ಕಂಪನಿಯಲ್ಲಿ ಎಂಟೆಂಟು ಲಕ್ಷ ದುಡಿದವರಿಗೆ ಇದೇ ಕಥೆ ಮತ್ತೆ ಆಗುತ್ತೆ. ಫಾರ್ಮ್ 16ಗೆ ಕಾಯಬೇಡಿ. ಏಪ್ರಿಲ್‌ನಿಂದ ಬಿಟ್ಟ ದಿನದವರೆಗಿನ ಪೇಸ್ಲಿಪ್ ಇದ್ದರೆ ಫಾರ್ಮ್ ತುಂಬಬಹುದು. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಹಾಗಾಗಿ ಫಾರ್ಮಿನ ನಂಬರ್ ಕೇಳುವುದಕ್ಕಿಂತ "ಹಿಂದಿನ ಕಂಪನಿಯ ಆದಾಯ ತಿಳಿಸುವ ಫಾರ್ಮ್ ಕೊಡಿ" ಅಂತ ಎಚ್‌ಆರ್‌ಗೆ ಕೇಳಿ, ತಪ್ಪಾಗಲ್ಲ.

ಚೇತನ್ ಫೋನಿನಲ್ಲಿ ಬರೆದುಕೊಂಡ ಪಟ್ಟಿ

- ಆಧಾರ್, ಪ್ಯಾನ್, ಅಂಕಪಟ್ಟಿ: ಒರಿಜಿನಲ್ ತೋರಿಸಲು, ಪ್ರತಿ ಕೊಡಲು. ಹೆಸರು, ಹುಟ್ಟಿದ ದಿನಾಂಕದ ವ್ಯತ್ಯಾಸ ಮೊದಲೇ ಮೇಲ್‌ನಲ್ಲಿ.
- ಪ್ಯಾನ್-ಆಧಾರ್ ಜೋಡಣೆಯ ಸ್ಕ್ರೀನ್‌ಶಾಟ್.
- ಕ್ಯಾನ್ಸಲ್ ಮಾಡಿದ ಚೆಕ್ ಅಥವಾ ಪಾಸ್‌ಬುಕ್ ಮೊದಲ ಪುಟ. ನೂರು ರೂಪಾಯಿ ಹಾಕಿ ತೆಗೆದು ನೋಡಿದ ಖಾತೆಯದ್ದು.
- ಹಳೇ ಆಫರ್ ಲೆಟರ್, ಮೂರು ಪೇಸ್ಲಿಪ್, ರಾಜೀನಾಮೆ ಒಪ್ಪಿದ ಮೇಲ್. ರಿಲೀವಿಂಗ್ ಲೆಟರ್ ಬಂದ ತಕ್ಷಣ.
- ಯುಎಎನ್. ಫಾರ್ಮ್ 11ರಲ್ಲಿ "ಹೌದು".
- ಈ ವರ್ಷದ ಹಿಂದಿನ ಆದಾಯದ ಫಾರ್ಮ್.
- ಜನವರಿಯಲ್ಲಿ: ಪಿಎಫ್‌ನಲ್ಲಿ ಬಿಟ್ಟ ದಿನಾಂಕ ಬಂದಿದೆಯಾ?

ಸೋಮವಾರ ಮಧ್ಯಾಹ್ನ ಮೆಸೇಜ್ ಬಂತು. "ಅಕ್ಕಾ, ನಮ್ಮ ಬ್ಯಾಚಲ್ಲಿ ಏಳು ಜನ. ನಂದು ಮೊದಲು ಮುಗೀತು." ಜನವರಿಯಲ್ಲಿ ನೋಡಿದಾಗ ಹಳೇ ಕಂಪನಿ ದಿನಾಂಕ ಹಾಕಿರಲಿಲ್ಲ, ಅವನೇ ಹಾಕಿಕೊಂಡ. ಆಧಾರ್‌ನಲ್ಲಿ ಈಗ ಅಪ್ಪನ ಹೆಸರು ಪೂರ್ತಿಯಾಗಿ ಬಂದಿದೆ. ಅದನ್ನು ನೋಡಿ ಚಿಕ್ಕಪ್ಪ, "ಇಷ್ಟು ವರ್ಷ ಬರೀ 'R' ಆಗಿದ್ದೆ, ಈಗ ಮನುಷ್ಯ ಆದೆ" ಅಂದರಂತೆ.